ಕೊಲೆಸ್ಟ್ರಾಲ್ ರಿಪೋರ್ಟ್ ಚೆನ್ನಾಗೇ ಇತ್ತು, ಆದ್ರೂ 42ಕ್ಕೆ ಹಾರ್ಟ್ ಅಟ್ಯಾಕ್: ಒಂದು ಮನೆತನದ ಎಲ್‌ಪಿ ಎ ಪ್ರಕರಣ

ನಾನು ಜನರಲ್ ಮೆಡಿಸಿನ್ ಪ್ರಾಕ್ಟೀಸ್ ಮಾಡೋ ಡಾಕ್ಟ್ರು. ಈ ಕುಟುಂಬದವರ ಒಪ್ಪಿಗೆ ತಗೊಂಡೇ ಇದನ್ನ ಬರೀತಿದ್ದೀನಿ, ಗುರುತು ಸಿಗೋ ಅಂಥ ವಿವರಗಳನ್ನೆಲ್ಲ ಬದಲಾಯಿಸಿದ್ದೀನಿ. ಹೆಸರು ಹೇಳೋ ಹಾಗಿಲ್ಲ, ಅದಕ್ಕೇ ಅಣ್ಣ, ತಮ್ಮ, ಅಕ್ಕ ಅಂತಲೇ ಕರೀತೀನಿ.

ಅಣ್ಣನಿಗೆ 42 ವರ್ಷ, ಪಿಯು ಕಾಲೇಜಲ್ಲಿ ಲೆಕ್ಚರರ್. ಬೀಡಿ ಸಿಗರೇಟು ಇಲ್ಲ, ಕುಡಿಯೋದಿಲ್ಲ, ಬಿಪಿ ನಾರ್ಮಲ್, ಮೂರು ತಿಂಗಳ ಸರಾಸರಿ ಶುಗರ್ 5.6, ತೂಕಾನೂ ಜಾಸ್ತಿ ಏನಿಲ್ಲ. ಒಂದಿನ ರಾತ್ರಿ ಎದೆ ಹಿಡ್ಕೊಂಡ ಹಾಗಾಯ್ತು, ಮನೇಲಿ ಎಲ್ಲರೂ ಗ್ಯಾಸ್ ಅಂದ್ರು, ಸೋಡಾ ಕುಡಿಸಿ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸಿದ್ರು, ಬೆಳಗ್ಗೆ ಇಸಿಜಿ ಮಾಡಿಸಿದಾಗ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯ್ತು. ಹೃದಯದ ಮುಂಭಾಗಕ್ಕೆ ರಕ್ತ ಕೊಡೋ ಮುಖ್ಯ ನಾಳದಲ್ಲಿ ಬ್ಲಾಕ್ ಇತ್ತು, ಒಂದು ಸ್ಟೆಂಟ್ ಹಾಕಿದ್ರು. ನನ್ನ ಹತ್ರ ಬಂದಿದ್ದು ಡಿಸ್ಚಾರ್ಜ್ ಆದ್ಮೇಲೆ, ಫಾಲೋಅಪ್‌ಗೆ.

ಫೈಲಲ್ಲಿದ್ದ ಲಿಪಿಡ್ ಪ್ರೊಫೈಲ್ ಹೀಗಿತ್ತು: ಟೋಟಲ್ ಕೊಲೆಸ್ಟ್ರಾಲ್ 188, ಎಲ್‌ಡಿಎಲ್ 120, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 150. ಎಚ್‌ಡಿಎಲ್ ಸ್ವಲ್ಪ ಕಮ್ಮಿ ಅನ್ನೋದು ಬಿಟ್ರೆ ಇದನ್ನ ನೋಡಿ ಯಾರೂ ಗಾಬರಿ ಬೀಳಲ್ಲ. ನಮ್ಮೂರಲ್ಲಿ ದಾರೀಲಿ ಹೋಗೋ ಹತ್ತು ಜನರ ರಕ್ತ ತೆಗೆದ್ರೆ ಅರ್ಧಕ್ಕರ್ಧ ಜನರದ್ದು ಇದಕ್ಕಿಂತ ಕೆಟ್ಟದಾಗಿರುತ್ತೆ. ಹಾಗಾಗಿ ಎಲ್ಲರೂ ಒಂದೇ ಕಾರಣ ಹೇಳಿದ್ರು, ಟೆನ್ಷನ್. ಪರೀಕ್ಷೆ ಡ್ಯೂಟಿ, ಮನೆ ಲೋನು, ನಿದ್ದೆ ಇಲ್ಲ, ಅದಕ್ಕೇ ಹೀಗಾಯ್ತು ಅಂತ. ಟೆನ್ಷನ್ ಲೆಕ್ಕಕ್ಕಿಲ್ಲ ಅಂತ ನಾನು ಹೇಳಲ್ಲ, ಆದ್ರೆ 42 ವರ್ಷದ, ಸಿಗರೇಟು ಸೇದದ, ಶುಗರ್ ಇಲ್ಲದ ಮನುಷ್ಯನ ಮುಖ್ಯ ನಾಳ ಮುಚ್ಚಿದಾಗ ಬರೀ ಟೆನ್ಷನ್ ಅಂತ ಬರೆದು ಫೈಲ್ ಮುಚ್ಚಿದ್ರೆ ಆ ಮನೇಲಿ ಮುಂದಿನ ಅಟ್ಯಾಕ್ ಯಾರಿಗೆ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಮನೆತನದ ವಿಚಾರ ಕೇಳಿದೆ. ಮೊದಲು "ನಮ್ಮಲ್ಲಿ ಯಾರಿಗೂ ಹಾರ್ಟ್ ಪ್ರಾಬ್ಲಮ್ ಇಲ್ಲ ಸಾರ್" ಅಂದ್ರು. ಅಪ್ಪ ಹೇಗೆ ತೀರ್ಕೊಂಡ್ರು ಅಂತ ಕೇಳಿದ್ರೆ "ಅವ್ರಿಗೆ ಹಾರ್ಟ್ ಅಲ್ಲ ಸಾರ್, ಗ್ಯಾಸ್ ಎದೆಗೆ ಹತ್ತಿ ಹೊಲದಲ್ಲೇ ಹೋದ್ರು, 47 ವರ್ಷ ಆಗಿತ್ತು" ಅಂದ್ರು. ಅಪ್ಪನ ಅಕ್ಕ, ಅಂದ್ರೆ ಇವರ ಸೋದರತ್ತೆಗೆ ಅರವತ್ತು ದಾಟಿದ್ಮೇಲೆ ವಾಲ್ವ್ ಆಪರೇಷನ್ ಆಗಿತ್ತು. ಆ ರಿಪೋರ್ಟ್ ತರಿಸಿ ನೋಡಿದೆ, ಹೃದಯದಿಂದ ಮೈಗೆಲ್ಲ ರಕ್ತ ಹೋಗೋ ದಾರಿಯ ಬಾಗಿಲು, ಅಯೋರ್ಟಿಕ್ ವಾಲ್ವ್, ಸುಣ್ಣ ಕಟ್ಟಿ ಕಿರಿದಾಗಿತ್ತು ಅಂತ ಇತ್ತು. ಹಾರ್ಟ್ ಹಿಸ್ಟರಿ ಇದ್ಯಾ ಅಂತ ಕೇಳಿದ್ರೆ ನಮ್ಮ ಜನ ಇಲ್ಲ ಅಂತಲೇ ಹೇಳ್ತಾರೆ, ಯಾರು ಎಷ್ಟನೇ ವಯಸ್ಸಿಗೆ ಹೇಗೆ ಹೋದ್ರು ಅಂತ ಕೇಳ್ಬೇಕು. ಈ ಪ್ರಕರಣದಲ್ಲಿ ದಾರಿ ತೋರಿಸಿದ್ದು ಅದೇ ಪ್ರಶ್ನೆ. ಚಿಕ್ಕ ವಯಸ್ಸಿನ ಅಟ್ಯಾಕು, ಅಪ್ಪನ ಹಠಾತ್ ಸಾವು, ಅದೇ ರಕ್ತಸಂಬಂಧದಲ್ಲಿ ಸುಣ್ಣ ಕಟ್ಟಿದ ಅಯೋರ್ಟಿಕ್ ವಾಲ್ವು, ಜೊತೆಗೆ ಸಾಧಾರಣ ಎಲ್‌ಡಿಎಲ್, ಇವಿಷ್ಟೂ ಒಟ್ಟಿಗೆ ಬಂದಾಗ ಒಂದು ಟೆಸ್ಟ್ ಕೇಳಲೇಬೇಕು, ಅದು ಲೈಪೋಪ್ರೋಟೀನ್ ಎ. ರಿಪೋರ್ಟಲ್ಲಿ Lp(a) ಅಂತ ಇರುತ್ತೆ. ಮಾಮೂಲಿ ಲಿಪಿಡ್ ಪ್ರೊಫೈಲಲ್ಲಿ ಇದು ಬರೋದೇ ಇಲ್ಲ, ಬೇರೆಯಾಗಿ ಬರೆದು ಕೊಡಬೇಕು.

ಇದು ಏನು ಅಂತ ಅಣ್ಣನಿಗೆ ಹೇಳಿದ ರೀತಿಯಲ್ಲೇ ಇಲ್ಲೂ ಹೇಳ್ತೀನಿ. ಎಲ್‌ಡಿಎಲ್ ಅಂದ್ರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ಕೊಂಡು ಓಡಾಡೋ ಕಣ. ಅಂಥದ್ದೇ ಒಂದು ಕಣಕ್ಕೆ ಅಪೋ ಎ ಅನ್ನೋ ಇನ್ನೊಂದು ಉದ್ದನೆ ಪ್ರೋಟೀನ್ ಅಂಟ್ಕೊಂಡ್ರೆ ಅದು ಎಲ್‌ಪಿ ಎ. ನಾರ್ವೆಯ ಕೋರೆ ಬರ್ಗ್ ಅನ್ನೋ ವಿಜ್ಞಾನಿ 1963ರಲ್ಲೇ ಇದನ್ನ ಕಂಡುಹಿಡಿದಿದ್ರು. 1987ರಲ್ಲಿ ಜೀನ್ ಬಿಡಿಸಿ ನೋಡಿದಾಗ ಈ ಅಂಟ್ಕೊಂಡಿರೋ ಪ್ರೋಟೀನ್, ಹೆಪ್ಪುಗಟ್ಟಿದ ರಕ್ತ ಕರಗಿಸೋ ಪ್ಲಾಸ್ಮಿನೋಜನ್‌ನ ಹಾಗೇ ಇದೆ, ಆದ್ರೆ ಆ ಕೆಲಸ ಮಾತ್ರ ಮಾಡಲ್ಲ ಅಂತ ಗೊತ್ತಾಯ್ತು. ಇದರ ಜೊತೆ ಆಕ್ಸಿಡೈಸ್ ಆದ ಕೊಬ್ಬೂ ಸೇರ್ಕೊಂಡಿರುತ್ತೆ, ನಾಳದ ಗೋಡೇಲಿ ಉರಿಯೂತ ಎಬ್ಬಿಸೋದು, ವಾಲ್ವಲ್ಲಿ ಸುಣ್ಣ ಕಟ್ಟಿಸೋದು ಇದರ ಕೆಲಸ ಅಂತ ಈಗಿನ ತಿಳುವಳಿಕೆ.

ಇದರ ಮಟ್ಟ ಎಷ್ಟಿರಬೇಕು ಅನ್ನೋದನ್ನ ಹೆಚ್ಚುಕಮ್ಮಿ ಪೂರ್ತಿ ನಿರ್ಧಾರ ಮಾಡೋದು ಎಲ್‌ಪಿಎ ಅನ್ನೋ ಒಂದೇ ಜೀನ್. ಆ ಜೀನಲ್ಲಿ ಒಂದು ತುಂಡು ಮತ್ತೆ ಮತ್ತೆ ಪುನರಾವರ್ತನೆ ಆಗಿರುತ್ತೆ, ಕೆಲವರಲ್ಲಿ ನಾಕೈದು ಸಲ, ಕೆಲವರಲ್ಲಿ ಮೂವತ್ತು ನಲವತ್ತು ಸಲ. ಸಲ ಕಮ್ಮಿ ಇದ್ದಷ್ಟೂ ಪ್ರೋಟೀನ್ ಗಿಡ್ಡ, ಗಿಡ್ಡ ಇದ್ರೆ ಲಿವರ್ ಅದನ್ನ ಬೇಗ ತಯಾರು ಮಾಡಿ ಹೊರಗೆ ಕಳಿಸುತ್ತೆ, ರಕ್ತದಲ್ಲಿ ಮಟ್ಟ ಜಾಸ್ತಿ ಆಗುತ್ತೆ. ಎಣ್ಣೆ ಬಿಟ್ರೂ ವಾಕಿಂಗ್ ಮಾಡಿದ್ರೂ ಇದರಲ್ಲಿ ಹೇಳ್ಕೊಳ್ಳೋ ಅಂಥ ಬದಲಾವಣೆ ಆಗಲ್ಲ. ಬಾಲ್ಯದಲ್ಲೇ ಒಂದು ಮಟ್ಟಕ್ಕೆ ಬಂದು ನಿಂತ್ಕೊಳ್ಳುತ್ತೆ, ಹೆಚ್ಚಿನವರಲ್ಲಿ ಕೊನೇವರೆಗೂ ಅದೇ ಆಸುಪಾಸಲ್ಲಿ ಇರುತ್ತೆ. ಜೀವಮಾನದಲ್ಲಿ ಒಂದು ಸಲ ಮಾಡಿಸಿದ್ರೆ ಸಾಕು ಅನ್ನೋ ಮಾತು ಬಂದಿರೋದು ಇದರಿಂದಲೇ. ಯುರೋಪಿನ ಕಾರ್ಡಿಯಾಲಜಿ ಸೊಸೈಟಿ 2019ರ ಮಾರ್ಗಸೂಚಿಯಲ್ಲಿ ಪ್ರತಿ ವಯಸ್ಕರಿಗೂ ಒಮ್ಮೆಯಾದ್ರೂ ಇದನ್ನ ನೋಡಬೇಕು ಅಂದಿತು, ನಮ್ಮ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಅದನ್ನೇ ಹೇಳಿತು.

ಟೆಸ್ಟ್ ಯಾವಾಗ ಮಾಡ್ಸೋದು ಅನ್ನೋದೂ ಒಂದು ತೀರ್ಮಾನವೇ. ಅಟ್ಯಾಕ್ ಆದ ದಿನಗಳಲ್ಲಿ ಮೈಯಲ್ಲಿ ಉರಿಯೂತ ಇರುತ್ತೆ, ಅಂಕಿ ಸ್ವಲ್ಪ ಏರುಪೇರಾಗಬಹುದು, ಹಾಗಾಗಿ ಆರು ವಾರ ಕಳೀಲಿ ಅಂದೆ. ಅದರ ಜೊತೆಗೇ ಥೈರಾಯ್ಡ್, ಕಿಡ್ನಿ, ಮೂತ್ರದಲ್ಲಿ ಪ್ರೋಟೀನ್ ನೋಡಿಸಿದೆ, ಯಾಕಂದ್ರೆ ಥೈರಾಯ್ಡ್ ಕಮ್ಮಿ ಇದ್ರೆ, ಮೂತ್ರದಲ್ಲಿ ಪ್ರೋಟೀನ್ ತುಂಬಾ ಹೋಗ್ತಿದ್ರೆ ಎಲ್‌ಪಿ ಎ ಜಾಸ್ತಿ ಬರುತ್ತೆ. ಅವೆಲ್ಲ ನಾರ್ಮಲ್ ಇದ್ವು. ಎಲ್‌ಪಿ ಎ ಬಂದಿದ್ದು 112 mg/dL.

30ರ ಒಳಗಿದ್ರೆ ಚಿಂತೆ ಇಲ್ಲ, 50 ದಾಟಿದ್ರೆ ಜಾಸ್ತಿ, ನಡುವಿನದು ಗೊಂದಲದ ಜಾಗ ಅಂತ ಸ್ಥೂಲವಾಗಿ ಲೆಕ್ಕ. 50 ದಾಟಿದವರು ಪ್ರಪಂಚದಲ್ಲಿ ಐದರಲ್ಲಿ ಒಬ್ಬರು, ನಮ್ಮ ದೇಶದಲ್ಲಿ ನಾಲ್ಕರಲ್ಲಿ ಒಬ್ಬರು ಇರಬಹುದು ಅನ್ನೋ ಅಂದಾಜಿದೆ. 100ರ ಹತ್ರ ಬಂದ್ರೆ ಆ ಮನುಷ್ಯನಿಗೆ ಬೇರೆ ಕಾರಣಗಳಿಂದ ಎಷ್ಟು ಅಪಾಯ ಇರುತ್ತೋ ಅದು ಸುಮಾರು ಎರಡರಷ್ಟಾಗುತ್ತೆ. ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು, 112 ಅಂದ್ರೆ ಅಟ್ಯಾಕ್ ಆಗೇ ಆಗುತ್ತೆ ಅಂತಲ್ಲ, ಬೇರೆ ಅಪಾಯಗಳ ಮೇಲೆ ಇದು ಗುಣಾಕಾರದ ಹಾಗೆ ಕೂರುತ್ತೆ ಅಂತ, ಅದಕ್ಕೇ ಬೇರೆ ಅಪಾಯಗಳನ್ನ ಇಳಿಸಿದ್ರೆ ಇದರ ಹೊಡೆತಾನೂ ಇಳಿಯುತ್ತೆ.

ಅಣ್ಣ ಕೇಳಿದ ಮೊದಲ ಪ್ರಶ್ನೆ, ಇದನ್ನ ಇಳಿಸೋಕೆ ಮಾತ್ರೆ ಏನಿದೆ ಸಾರ್ ಅಂತ. ನಾವು ತೀರ್ಮಾನ ತಗೊಂಡಾಗ ಇದಕ್ಕೇ ಅಂತ ಮಾರುಕಟ್ಟೇಲಿ ಸಿಗೋ ಮಾತ್ರೆ ಇರಲಿಲ್ಲ. ಎಲ್‌ಡಿಎಲ್ ಇಳಿಸೋಕೆ ಮಾಮೂಲಾಗಿ ಕೊಡೋ ಸ್ಟ್ಯಾಟಿನ್ ಮಾತ್ರೆ ಇದನ್ನ ಇಳಿಸಲ್ಲ, ಕೆಲವರಲ್ಲಿ ಒಂಚೂರು ಏರಿಸುತ್ತೆ ಕೂಡ. ನಿಯಾಸಿನ್ ಇಳಿಸುತ್ತೆ, ಆದ್ರೆ ಅದರಿಂದ ಅಟ್ಯಾಕ್ ಕಮ್ಮಿ ಆಗ್ಲಿಲ್ಲ ಅಂತ ದೊಡ್ಡ ಟ್ರಯಲ್‌ಗಳಲ್ಲೇ ಗೊತ್ತಾಗಿದೆ. ಎಲ್‌ಡಿಎಲ್ ಇಳಿಸೋಕೆ ಎರಡು ವಾರಕ್ಕೊಂದು ತಗೊಳ್ಳೋ ಪಿಸಿಎಸ್‌ಕೆ9 ಇಂಜೆಕ್ಷನ್ ಕಾಲುಭಾಗದಷ್ಟು ಇಳಿಸುತ್ತೆ, ದುಬಾರಿ. ಪೆಲಾಕಾರ್ಸೆನ್, ಓಲ್ಪಾಸಿರಾನ್ ಅನ್ನೋ ಹೊಸ ಔಷಧಿಗಳು ಲಿವರಲ್ಲಿ ಈ ಪ್ರೋಟೀನ್ ತಯಾರಾಗೋದನ್ನೇ ತಡೆದು ಮಟ್ಟವನ್ನ ಬಹುಪಾಲು ಇಳಿಸ್ತವೆ, ಆದ್ರೆ ಅದರಿಂದ ಅಟ್ಯಾಕ್ ತಪ್ಪುತ್ತಾ ಅಂತ ನೋಡೋಕೆ ದೊಡ್ಡ ಟ್ರಯಲ್‌ಗಳನ್ನೇ ಮಾಡಬೇಕಾಯ್ತು, ನಮ್ಮ ಕೈಗಂತೂ ಆಗ ಅವು ಇರಲಿಲ್ಲ.

ಹಾಗಾಗಿ ನಮ್ಮ ಕೈಯಲ್ಲಿದ್ದದ್ದು ಎಲ್‌ಡಿಎಲ್. ಹೆಚ್ಚಿನ ಡೋಸ್ ಅಟೋರ್ವಾಸ್ಟ್ಯಾಟಿನ್ ಮೇಲೆ ಆರು ವಾರಕ್ಕೆ ಅದು 120ರಿಂದ 72ಕ್ಕೆ ಬಂದಿತ್ತು. ಆ ಡೋಸಿಗೆ ಅರ್ಧಕ್ಕಿಂತ ಕೆಳಗೆ ಬರಬೇಕಿತ್ತು, ಬರಲಿಲ್ಲ. ಮಾತ್ರೆ ಬಿಡ್ತಿದ್ದೀರಾ ಅಂತ ಕೇಳಿದೆ, ಅವರ ಹೆಂಡತಿ ಖಾಲಿ ಸ್ಟ್ರಿಪ್‌ಗಳನ್ನೇ ತಂದು ತೋರಿಸಿದ್ರು. ಇದಕ್ಕೆ ಕಾರಣವೂ ಎಲ್‌ಪಿ ಎ ಲೆಕ್ಕದಲ್ಲೇ ಸಿಗುತ್ತೆ. ಲ್ಯಾಬಿನವರು ಎಲ್‌ಡಿಎಲ್ ಅಂತ ಕೊಡೋ ಅಂಕಿ ಒಳಗೆ ಎಲ್‌ಪಿ ಎ ಹೊತ್ತಿರೋ ಕೊಲೆಸ್ಟ್ರಾಲೂ ಸೇರಿರುತ್ತೆ. 112ರಲ್ಲಿ ಸುಮಾರು ಮೂರನೇ ಒಂದು ಭಾಗ ಕೊಲೆಸ್ಟ್ರಾಲ್ ಅಂದ್ಕೊಂಡ್ರೆ ಮೂವತ್ತು ಚಿಲ್ಲರೆ ಆಯ್ತು, ಅಷ್ಟನ್ನ ಸ್ಟ್ಯಾಟಿನ್ ಮುಟ್ಟೋದೇ ಇಲ್ಲ. ಈ ಭಾಗ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರೋದ್ರಿಂದ ಇದನ್ನ ಕಳೆದು ಹೊಸ ಅಂಕಿ ಮಾಡ್ಕೊಂಡು ಟ್ರೀಟ್‌ಮೆಂಟ್ ಕೊಡಬಾರದು, ಆದ್ರೆ ಸ್ಟ್ಯಾಟಿನ್ ಸರಿಯಾಗಿ ತಗೊಂಡ್ರೂ ಎಲ್‌ಡಿಎಲ್ ನಿರೀಕ್ಷೆಯಷ್ಟು ಇಳೀಲಿಲ್ಲ ಅಂದ್ರೆ ಎಲ್‌ಪಿ ಎ ಇರಬಹುದಾ ಅಂತ ಅನುಮಾನ ಪಡೋಕೆ ಇದು ಸಾಕು.

ಅಟ್ಯಾಕ್ ಆದವರಲ್ಲಿ ಎಲ್‌ಡಿಎಲ್ 55ರ ಒಳಗೆ ತರಬೇಕು. ಎಜೆಟಿಮೈಬ್ ಅನ್ನೋ ಇನ್ನೊಂದು ಕೊಲೆಸ್ಟ್ರಾಲ್ ಮಾತ್ರೆ 10 ಮಿಲಿಗ್ರಾಂ ಸೇರಿಸಿದೆ, ಎರಡು ತಿಂಗಳಿಗೆ 54 ಬಂತು. ಇಂಜೆಕ್ಷನ್ ವಿಷಯ ಮಾತಾಡಿದ್ವಿ, ಗುರಿ ಮುಟ್ಟಿದ್ದರಿಂದ ಸದ್ಯಕ್ಕೆ ಬೇಡ ಅಂತಾಯ್ತು. ಎಲ್‌ಪಿ ಎ ಮತ್ತೆ ಮಾಡಿಸೋದು ಬೇಡ, ಅಂಕಿ ಏನೇ ಬಂದ್ರೂ ಟ್ರೀಟ್‌ಮೆಂಟ್ ಬದಲಾಗಲ್ಲ ಅಂತಾನೂ ಹೇಳಿ ಕಳಿಸಿದೆ.

ಪ್ರಕರಣ ಕೈತಪ್ಪೋ ಹಂತಕ್ಕೆ ಹೋಗಿದ್ದು ಇಲ್ಲಿಂದ ಮುಂದೆ. ಕೆಲವು ತಿಂಗಳಾದ್ಮೇಲೆ ಒಂದು ಹೆಲ್ತ್ ಪ್ಯಾಕೇಜಲ್ಲಿ ಹಾರ್ಟ್ ಟೆಸ್ಟ್‌ಗಳೂ ಇವೆ ಅಂತ ಅಣ್ಣ ಬೇರೆ ಲ್ಯಾಬಲ್ಲಿ ರಕ್ತ ಕೊಟ್ಟರು. ಅದರಲ್ಲಿ ಎಲ್‌ಪಿ ಎ 262 ಅಂತ ಬಂತು, ದಪ್ಪಕ್ಷರದಲ್ಲಿ, ಕೆಂಪು ಬಣ್ಣದಲ್ಲಿ. 112 ಇದ್ದದ್ದು ಮಾತ್ರೆ ತಗೊಂಡೂ 262 ಆಗಿದೆ ಅಂದ್ರೆ ಮಾತ್ರೆನೇ ಏರಿಸ್ತಿದೆ ಅಂತ ಮನೇಲಿ ತೀರ್ಮಾನ ಆಯ್ತು. ಸ್ಟ್ಯಾಟಿನ್ ಒಂಚೂರು ಏರಿಸಬಹುದು ಅಂತ ಎಲ್ಲೋ ಓದಿದ್ದೂ ಅದಕ್ಕೆ ಸೇರ್ಕೊಳ್ತು. ಕೊಲೆಸ್ಟ್ರಾಲ್ ಮಾತ್ರೆ ಎರಡೂ ಬಿಟ್ಟು, ಬೆಳ್ಳುಳ್ಳಿ ಶುಂಠಿ ನಿಂಬೆರಸ ಕುದಿಸಿ ಜೇನುತುಪ್ಪ ಹಾಕಿ ಮಾಡೋ ಬ್ಲಾಕ್ ಕರಗೋ ಕಷಾಯ ಅಂತ ಮೊಬೈಲಲ್ಲಿ ಓಡಾಡುತ್ತಲ್ಲ, ಅದನ್ನ ಶುರು ಮಾಡಿದ್ರು. ಸ್ಟೆಂಟ್ ಮುಚ್ಚದ ಹಾಗೆ ಕೊಟ್ಟಿದ್ದ ರಕ್ತ ತೆಳು ಮಾಡೋ ಮಾತ್ರೆಗಳನ್ನ ಮಾತ್ರ ಬಿಟ್ಟಿರಲಿಲ್ಲ, ಪುಣ್ಯ.

ನನ್ನ ಹತ್ರ ಬಂದಾಗ ಎಲ್‌ಡಿಎಲ್ ನೋಡಿಸಿದೆ, 118. ಎರಡು ಎಲ್‌ಪಿ ಎ ರಿಪೋರ್ಟ್ ಪಕ್ಕಪಕ್ಕ ಇಟ್ಟು ಅಂಕಿಯ ಮುಂದೆ ಸಣ್ಣಕ್ಷರದಲ್ಲಿ ಏನಿದೆ ಓದಿ ಅಂದೆ. ಮೊದಲನೇದರಲ್ಲಿ mg/dL, ಎರಡನೇದರಲ್ಲಿ nmol/L. ಒಂದು ತೂಕದ ಲೆಕ್ಕ, ಇನ್ನೊಂದು ಕಣಗಳ ಎಣಿಕೆಯ ಲೆಕ್ಕ. ಪ್ರೋಟೀನ್ ಗಿಡ್ಡ ಉದ್ದ ಇರೋದ್ರಿಂದ ಒಂದು ಕಣದ ತೂಕ ಎಲ್ಲರಲ್ಲೂ ಒಂದೇ ಇರಲ್ಲ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಪರಿವರ್ತನೆ ಮಾಡೋ ಸೂತ್ರ ಇಲ್ಲ, ಅಂದಾಜಿಗೆ ಎರಡರಿಂದ ಎರಡೂವರೆ ಪಟ್ಟು ಅಂತ ಇಟ್ಕೊಳ್ತೀವಿ. 112ಕ್ಕೆ ಆ ಪ್ರಕಾರ 224ರಿಂದ 280. ಅಂದ್ರೆ 262 ಏರಿಕೆ ಅಲ್ಲ, ಅದೇ ಮಟ್ಟ, ಇನ್ನೊಂದು ಅಳತೇಲಿ. ಅಪಾಯದ ಗೆರೆನೂ ಹಾಗೇ, ಒಂದರಲ್ಲಿ 50, ಇನ್ನೊಂದರಲ್ಲಿ 125. ಅಣ್ಣ ಗಣಿತದ ಮೇಷ್ಟ್ರು, ಇದನ್ನ ನೋಡಿದ್ಮೇಲೆ ಅವರಿಗೆ ಹೆಚ್ಚಿಗೆ ಏನೂ ಹೇಳೋ ಅಗತ್ಯ ಬೀಳಲಿಲ್ಲ. ಮಾತ್ರೆ ಮತ್ತೆ ಶುರುವಾಯ್ತು, ಎಲ್‌ಡಿಎಲ್ 56ಕ್ಕೆ ಇಳೀತು, ಆಮೇಲೆ 53.

ನನ್ನ ಪ್ರಕಾರ ಈ ಟೆಸ್ಟಿನ ಬೆಲೆ ಅಣ್ಣನಿಗಿಂತ ತಮ್ಮನಿಗೇ ಜಾಸ್ತಿ. ಅಣ್ಣನಿಗೆ ಟೆಸ್ಟ್ ಇಲ್ಲದಿದ್ರೂ ಸ್ಟ್ಯಾಟಿನ್ ಕೊಡ್ತಿದ್ವಿ, ಎಲ್‌ಡಿಎಲ್ 55ಕ್ಕೆ ಇಳಿಸ್ತಿದ್ವಿ. ತಮ್ಮನಿಗೆ ಯಾವ ಖಾಯಿಲೆಯೂ ಇಲ್ಲ, 36 ವರ್ಷ, ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿದ್ದಾರೆ, ಡಾಕ್ಟ್ರ ಹತ್ರ ಬರೋ ಅಭ್ಯಾಸವೇ ಇಲ್ಲ. ಒಬ್ಬರಲ್ಲಿ ಜಾಸ್ತಿ ಬಂದ್ರೆ ಅವರ ಒಡಹುಟ್ಟಿದವರಿಗೆ, ಮಕ್ಕಳಿಗೆ ಆ ಜೀನ್ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಅಮ್ಮ, ಅಕ್ಕ, ತಮ್ಮ ಮೂವರಿಗೂ ಒಂದೇ ಲ್ಯಾಬಲ್ಲಿ ಒಂದೇ ಅಳತೇಲಿ ಮಾಡಿಸಿದ್ವಿ, ಖಾಲಿ ಹೊಟ್ಟೆ ಬೇಕಿಲ್ಲ. ಅಮ್ಮನದು 14, ಅಕ್ಕನದು 18, ತಮ್ಮನದು 104. ಅಂದ್ರೆ ಅಪ್ಪನ ಕಡೆಯಿಂದ ಇಳಿದು ಬಂದಿದೆ, ಅಕ್ಕನಿಗೆ ಬಂದಿಲ್ಲ. ಅತ್ತೆಯವರು ಈ ವಯಸ್ಸಲ್ಲಿ ನಂಗ್ಯಾಕೆ ಅಂತ ರಕ್ತ ಕೊಡಲಿಲ್ಲ, ಹಾಗಾಗಿ ಅವರ ವಾಲ್ವಿಗೂ ಇದಕ್ಕೂ ಸಂಬಂಧ ಇದೆ ಅಂತ ಸಾಬೀತೇನೂ ಆಗಿಲ್ಲ.

ತಮ್ಮನ ಮಿಕ್ಕ ಲೆಕ್ಕ ನೋಡಿ, ದಿನಕ್ಕೆ ಏಳೆಂಟು ಸಿಗರೇಟು, ಬಿಪಿ 136/88, ಖಾಲಿಹೊಟ್ಟೆ ಶುಗರ್ 108, ಎಲ್‌ಡಿಎಲ್ 138. ಒಂದೊಂದನ್ನೇ ನೋಡಿದ್ರೆ ಯಾವ ಡಾಕ್ಟ್ರೂ ಇವರಿಗೆ ಇನ್ನೂ ಚಿಕ್ಕ ವಯಸ್ಸು ಕಣಪ್ಪ, ಊಟ ನೋಡ್ಕೋ, ವರ್ಷ ಬಿಟ್ಟು ಬಾ ಅಂತಾರೆ. ಹತ್ತು ವರ್ಷದ ಅಪಾಯ ಲೆಕ್ಕ ಹಾಕೋ ಕ್ಯಾಲ್ಕ್ಯುಲೇಟರ್‌ಗಳೂ ವಯಸ್ಸು ನೋಡಿ ಕಮ್ಮಿ ಅಂತಲೇ ತೋರಿಸ್ತವೆ. ಆದ್ರೆ 104ರ ಎಲ್‌ಪಿ ಎ ಇದೆಲ್ಲದರ ಮೇಲೆ ಕೂತಿದೆ, ಅಣ್ಣನಿಗೆ 42, ಅಪ್ಪನಿಗೆ 47. ಸಿಗರೇಟು ಬಿಡೋದು ಮೊದಲ ಷರತ್ತು ಅಂದೆ, ರೋಸುವಾಸ್ಟ್ಯಾಟಿನ್ 10 ಶುರು ಮಾಡೋಣ ಅಂದೆ. ಅವರು ಒಪ್ಪಲಿಲ್ಲ. "ಏನೂ ಆಗದೇ ಇರೋನಿಗೆ ಜೀವನಪೂರ್ತಿ ಮಾತ್ರೆ ಯಾಕೆ ಡಾಕ್ಟ್ರೇ, ಬೇಕಿದ್ರೆ ಸಿಟಿ ಸ್ಕ್ಯಾನ್ ಮಾಡ್ಸಿ, ಬ್ಲಾಕ್ ಇದ್ರೆ ತಗೊಳ್ತೀನಿ" ಅಂದ್ರು.

ಹೃದಯದ ನಾಳದಲ್ಲಿ ಎಷ್ಟು ಸುಣ್ಣ ಕಟ್ಟಿದೆ ಅಂತ ಸಿಟಿಯಲ್ಲಿ ನೋಡೋ ಕ್ಯಾಲ್ಸಿಯಂ ಸ್ಕೋರ್ ಸ್ಕ್ಯಾನ್ ಕೆಟ್ಟದ್ದೇನಲ್ಲ, ಐವತ್ತು ದಾಟಿದವರಲ್ಲಿ ಮಾತ್ರೆ ಬೇಕಾ ಬೇಡ್ವಾ ಅನ್ನೋ ಗೊಂದಲಕ್ಕೆ ಉಪಯೋಗ ಆಗುತ್ತೆ. ಆದ್ರೆ 36ಕ್ಕೆ ಸೊನ್ನೆ ಬರೋದು ಮಾಮೂಲು, ಯಾಕಂದ್ರೆ ನಾಳದಲ್ಲಿ ಮೊದಲು ಕೂರೋದು ಮೆತ್ತನೆ ಕೊಬ್ಬು, ಸುಣ್ಣ ಕಟ್ಟೋದು ಎಷ್ಟೋ ವರ್ಷ ಆದ್ಮೇಲೆ. ಸೊನ್ನೆ ಬಂದ್ರೆ ಇವರು ಸಿಗರೇಟೂ ಬಿಡಲ್ಲ, ಮಾತ್ರೆನೂ ತಗೊಳ್ಳಲ್ಲ ಅನ್ನೋದು ನನಗೆ ಗೊತ್ತಿತ್ತು, ಅದಕ್ಕೇ ಆ ಸ್ಕ್ಯಾನ್ ಬರೆದು ಕೊಡಲಿಲ್ಲ. ಮೂರು ತಿಂಗಳು ಟೈಮ್ ಕೊಡಿ, ಮಾತ್ರೆ ಇಲ್ಲದೇ ಎಷ್ಟು ಇಳಿಸ್ತೀನೋ ನೋಡಿ ಅಂದ್ರು, ಸರಿ ಅಂದೆ. ಸಂಜೆ ಬಜ್ಜಿ ಬೋಂಡ ಬಿಟ್ಟರು, ನಡೆದ್ರು, ಸಿಗರೇಟು ಎರಡಕ್ಕೆ ಇಳೀತು. ಎಲ್‌ಡಿಎಲ್ 138ರಿಂದ 127ಕ್ಕೆ ಬಂತು, ಬಿಪಿ 126/80. ಅದು ಅವರ ಶ್ರಮ, ಚಿಕ್ಕದಲ್ಲ, ಆದ್ರೆ ಇವರ ಎಲ್‌ಪಿ ಎ ಜೊತೆಗೆ 127 ಸಾಕಾಗಲ್ಲ. ಅಣ್ಣನೇ ಪಕ್ಕದಲ್ಲಿ ಕೂತು "ನಂದು 120 ಇದ್ದಾಗ್ಲೇ ಆಗಿದ್ದು ಕಣೋ" ಅಂದ್ರು, ಆವತ್ತೇ ಮಾತ್ರೆ ಬರೆಸ್ಕೊಂಡು ಹೋದ್ರು.

ರೋಸುವಾಸ್ಟ್ಯಾಟಿನ್ ಮೇಲೆ ತಮ್ಮನ ಎಲ್‌ಡಿಎಲ್ 74 ಆಗಿದೆ, ಸಿಗರೇಟು ಪೂರ್ತಿ ಬಿಟ್ಟಿದ್ದಾರೆ. ಆಸ್ಪಿರಿನ್ ಕೂಡ ತಗೊಳ್ಳಲಾ ಅಂತ ಕೇಳಿದ್ರು, ಬೇಡ ಅಂದೆ, ಎಲ್‌ಪಿ ಎ ಜಾಸ್ತಿ ಇರೋ ಕೆಲವರಿಗೆ ಅದರಿಂದ ಲಾಭ ಆಗಬಹುದು ಅನ್ನೋ ಸೂಚನೆಗಳಿವೆ, ಆದ್ರೆ ಅಟ್ಯಾಕ್ ಆಗದವರಿಗೆ ರಕ್ತಸ್ರಾವದ ಅಪಾಯ ತಗೊಂಡು ಕೊಡೋವಷ್ಟು ಪುರಾವೆ ಇಲ್ಲ. ಇಬ್ಬರದ್ದೂ ಎಕೋ ಮಾಡಿಸಿದ್ವಿ, ವಾಲ್ವ್ ಇಬ್ಬರದೂ ಚೆನ್ನಾಗಿದೆ, ಆದ್ರೆ ಎದೆ ಮೇಲೆ ಸ್ಟೆತ್ ಇಟ್ಟಾಗ ಮರ್ಮರ್ ಅನ್ನೋ ಹೆಚ್ಚಿನ ಸದ್ದು ಕೇಳುತ್ತಾ ಅಂತ ಪ್ರತಿ ಸಲ ಗಮನ ಕೊಡ್ತೀನಿ.

ಉಳಿದಿದ್ದು ಮಕ್ಕಳ ವಿಷಯ. ಅಣ್ಣನಿಗೆ 15 ವರ್ಷದ ಮಗಳು, 9 ವರ್ಷದ ಮಗ. ಅವರ ಹೆಂಡತಿ ಬೇರೆಯಾಗಿ ಬಂದು ಕೇಳಿದ್ರು, "ಮಗಳಿಗೆ ಜಾಸ್ತಿ ಇದೆ ಅಂತ ಬಂದ್ರೆ ಮುಂದೆ ಸಂಬಂಧ ನೋಡುವಾಗ ಹೇಳ್ಬೇಕಾಗುತ್ತಾ ಸಾರ್" ಅಂತ. ಇದು ಸಣ್ಣ ಪ್ರಶ್ನೆ ಅಲ್ಲ. ನಾನು ಹೇಳಿದ್ದು ಇಷ್ಟು: ತಂದೆಗೆ ಇಷ್ಟಿರೋದ್ರಿಂದ ಮಕ್ಕಳಿಗೂ ಮಾಡಿಸಬಹುದು, ಆದ್ರೆ ಎಲ್‌ಪಿ ಎ ಒಂದೇ ಜಾಸ್ತಿ ಬಂದ್ರೆ ಈ ವಯಸ್ಸಿಗೆ ಮಾತ್ರೆ ಕೊಡಲ್ಲ, ಹೇಳೋದು ಸಿಗರೇಟು ಮುಟ್ಟಬಾರದು, ತೂಕ ಬಿಪಿ ನೋಡ್ಕೋಬೇಕು ಅನ್ನೋದನ್ನೇ, ಅದನ್ನ ಟೆಸ್ಟ್ ಇಲ್ಲದೆಯೂ ಈಗಿಂದಲೇ ಮಾಡಬಹುದು. ಮಾಮೂಲಿ ಲಿಪಿಡ್ ಪ್ರೊಫೈಲ್ ಮಾತ್ರ ಇಬ್ಬರಿಗೂ ಈಗಲೇ ಮಾಡಿಸಿ, ಎಲ್‌ಡಿಎಲ್ ಹುಟ್ಟಿನಿಂದಲೇ ಜಾಸ್ತಿ ಇರೋ ಇನ್ನೊಂದು ಆನುವಂಶಿಕ ಖಾಯಿಲೆ ಜೊತೆಗಿದ್ರೆ ಅದಕ್ಕೆ ಚಿಕ್ಕವರಲ್ಲೂ ಟ್ರೀಟ್‌ಮೆಂಟ್ ಬೇಕಾಗುತ್ತೆ. ಮಾಡಿಸಿದ್ರು, ಇಬ್ಬರದೂ ನಾರ್ಮಲ್. ಎಲ್‌ಪಿ ಎ ಟೆಸ್ಟನ್ನ ಮಗಳಿಗೆ 18 ತುಂಬಿದ್ಮೇಲೆ ಅವಳನ್ನೇ ಕೇಳಿ ಮಾಡಿಸೋದು ಅಂತ ಗಂಡ ಹೆಂಡತಿ ಮಾತಾಡ್ಕೊಂಡಿದ್ದಾರೆ.

ಅಣ್ಣನ ಫೈಲಿನ ಮೊದಲ ಪುಟದಲ್ಲಿ ಎಲ್‌ಪಿ ಎ 112 mg/dL ಅಂತ ಅಳತೆ, ತಾರೀಖು, ಲ್ಯಾಬ್ ಸಮೇತ ಬರೆದಿದ್ದೀನಿ, ತಮ್ಮನ ಫೈಲಲ್ಲೂ ಹಾಗೇ. ಕಿಡ್ನಿ ತೊಂದರೆ ಶುರುವಾದ್ರೆ, ಇಲ್ಲಾ ಇದನ್ನೇ ಇಳಿಸೋ ಔಷಧಿ ಕೊಡೋ ಸಂದರ್ಭ ಬಂದ್ರೆ ಮಾತ್ರ ಮತ್ತೆ ಮಾಡಿಸೋದು. ಎಲ್‌ಡಿಎಲ್ ಮಾತ್ರ ಆರು ತಿಂಗಳಿಗೊಮ್ಮೆ ನೋಡ್ತಿದ್ದೀವಿ.